150 ಎಎಚ್ ಬ್ಯಾಟರಿ ಎರಡೇ ತಾಸಿಗೆ ಯಾಕೆ ಕೂಗುತ್ತೆ? ಇನ್ವರ್ಟರ್ ಬ್ಯಾಕಪ್ ಲೆಕ್ಕ ಹಾಕೋದು ಹೀಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತು ಮೂರು ವಾಯ್ಸ್ ಮೆಸೇಜ್‌ಗಳಿಗೆ ಉತ್ತರ ಕೊಡಬೇಕು. ಮೂರೂ ರಾಯಚೂರು ಜಿಲ್ಲೆಯಿಂದಲೇ ಬಂದಿವೆ: ಒಂದು ಸಿಂಧನೂರು, ಒಂದು ಲಿಂಗಸೂಗೂರು, ಇನ್ನೊಂದು ಮಸ್ಕಿ. ಮೂರೂ ಪ್ರಶ್ನೆ ಸುತ್ತೋದು ಇನ್ವರ್ಟರ್ ಸುತ್ತಲೇ. ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್‌ನ ಶಾಖೋತ್ಪನ್ನ ಕೇಂದ್ರ ಇರೋ ಜಿಲ್ಲೆಯವರು ಇನ್ವರ್ಟರ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ಕೇಳಬೇಡಿ. ಏಪ್ರಿಲ್ ತಿಂಗಳಲ್ಲಿ ಆ ಕಡೆ ಒಂದು ರಾತ್ರಿ ಫ್ಯಾನ್ ಇಲ್ಲದೆ ಮಲಗಿ ನೋಡಿದವರು ಕೇಳಲ್ಲ.

ಮೊದಲು ಸಿಂಧನೂರಿನ ಮೆಸೇಜ್. ಅವರ ಮಾತಲ್ಲೇ ಹೇಳ್ತೀನಿ: "ಅಣ್ಣಾ, ನಮ್ಮ ಮನ್ಯಾಗ ಹೊಸ ಬ್ಯಾಟ್ರಿ ಹಾಕಸೀವಿ, ನೂರೈವತ್ತು ಎಎಚ್. ಐದು ತಾಸು ಬರ್ತದಂತ ಅಂಗಡ್ಯಾಗ ಹೇಳಿದ್ರು. ಇಲ್ಲಿ ನೋಡಿದ್ರ ಎರಡು ತಾಸಿಗೇ ಕೂಗಾಕತ್ತೈತಿ. ತಂಗೀದು ಪಿಯುಸಿ ಪರೀಕ್ಷೆ ಐತಿ. ನಮಗ ಡೂಪ್ಲಿಕೇಟ್ ಮಾಲು ಕೊಟ್ಟಾರೇನು?"

ಡೂಪ್ಲಿಕೇಟ್ ಇರಲಿಕ್ಕಿಲ್ಲ. ಬ್ಯಾಟರಿ ಸರಿಯಾಗೇ ಇರಬಹುದು, ತಪ್ಪಿರೋದು ಐದು ತಾಸು ಅನ್ನೋ ಲೆಕ್ಕದಲ್ಲಿ. ಆ ಲೆಕ್ಕ ಎಲ್ಲಿಂದ ಬಂತು ಅನ್ನೋದನ್ನ ಮೊದಲು ನೋಡೋಣ.

ಬ್ಯಾಟರಿ ಮೇಲೆ 150 ಎಎಚ್ ಅಂದ್ರೆ 150 ಆಂಪಿಯರ್-ಅವರ್. ವೋಲ್ಟೇಜ್ 12. ಎರಡನ್ನೂ ಗುಣಿಸಿದ್ರೆ 1,800 ವ್ಯಾಟ್-ಅವರ್. ಈ ಮನೆಯವರು ಕರೆಂಟ್ ಹೋದಾಗ ಏನೇನು ಹಾಕ್ತಾರೆ ಅಂತ ಕೇಳಿದ್ವಿ. ಮೂರು ಹಳೇ ಸೀಲಿಂಗ್ ಫ್ಯಾನ್, ಒಂದೊಂದು 75 ವ್ಯಾಟ್. ನಾಲ್ಕು ಎಲ್‌ಇಡಿ ಟ್ಯೂಬ್, ಒಂದೊಂದು 20. ಒಂದು ಟಿವಿ 60. ವೈಫೈ ರೂಟರ್ 10. ಒಟ್ಟು 375 ವ್ಯಾಟ್. 1,800 ಅನ್ನು 375ರಿಂದ ಭಾಗಿಸಿದ್ರೆ 4.8. ಅದೇ ಐದು ತಾಸು! ಮೊಬೈಲಲ್ಲಿ ಹುಡುಕಿದ್ರೂ ಬಹಳ ಕಡೆ ಸಿಗೋದು ಇದೇ ಲೆಕ್ಕ.

ಇದರಲ್ಲಿ ಎರಡು ವಿಷಯ ಬಿಟ್ಟುಹೋಗಿವೆ. ಒಂದು ಚಿಕ್ಕದು, ಒಂದು ದೊಡ್ಡದು.

ಚಿಕ್ಕದು ಇನ್ವರ್ಟರ್‌ನ ಪಾಲು. ಬ್ಯಾಟರಿಯ 12 ವೋಲ್ಟ್ ಡಿಸಿಯನ್ನ 230 ವೋಲ್ಟ್ ಎಸಿ ಮಾಡೋ ಕೆಲಸಕ್ಕೆ ಇನ್ವರ್ಟರ್ ಕೂಲಿ ತಗೊಳುತ್ತೆ. ಮುಟ್ಟಿ ನೋಡಿದ್ರೆ ಬಿಸಿ ಇರುತ್ತಲ್ಲ, ಆ ಬಿಸಿಯೇ ಕೂಲಿ. ಮನೆಯಲ್ಲಿರೋ ಸಾಮಾನ್ಯ ಇನ್ವರ್ಟರ್‌ಗೆ ನೂರಕ್ಕೆ ಇಪ್ಪತ್ತು ಹೋಗುತ್ತೆ ಅಂತ ಇಟ್ಟುಕೊಳ್ಳಿ. ಅಂದ್ರೆ ನಿಮ್ಮ ಫ್ಯಾನಿಗೆ, ಲೈಟಿಗೆ 80 ವ್ಯಾಟ್ ತಲುಪಬೇಕಾದ್ರೆ ಬ್ಯಾಟರಿಯಿಂದ 100 ವ್ಯಾಟ್ ಹೊರಡಬೇಕು.

ಇದರಿಂದ ಒಂದು ಸುಲಭ ದಾರಿ ಸಿಗುತ್ತೆ. 12 ವೋಲ್ಟ್‌ನಲ್ಲಿ ನೂರಕ್ಕೆ ಎಂಬತ್ತು ಅಂದ್ರೆ 9.6, ಹೆಚ್ಚೂ ಕಡಿಮೆ 10. ಹಾಗಾಗಿ ಒಂದೇ ಬ್ಯಾಟರಿ ಇರೋ ಮನೆಯಲ್ಲಿ ಒಟ್ಟು ವ್ಯಾಟ್ ಅನ್ನು ಹತ್ತರಿಂದ ಭಾಗಿಸಿದ್ರೆ ಸಾಕು, ಬ್ಯಾಟರಿಯಿಂದ ಎಷ್ಟು ಆಂಪಿಯರ್ ಹೋಗ್ತಿದೆ ಅಂತ ಗೊತ್ತಾಗುತ್ತೆ. 375 ವ್ಯಾಟ್‌ಗೆ ಸುಮಾರು 37 ಆಂಪಿಯರ್. ಈಗ 150 ಎಎಚ್ ಅನ್ನು 37ರಿಂದ ಭಾಗಿಸಿ: ನಾಲ್ಕು ತಾಸು ಬಂತು. ಐದು ಹೋಗಿ ನಾಲ್ಕಾಯ್ತು. ಆದ್ರೂ ಬ್ಯಾಟರಿ ಎರಡಕ್ಕೇ ಕೂಗ್ತಿದೆ. ಉಳಿದ ಎರಡು ತಾಸು ಎಲ್ಲಿ ಹೋಯ್ತು?

ಇಲ್ಲಿ ಬರುತ್ತೆ ದೊಡ್ಡ ವಿಷಯ. ಬ್ಯಾಟರಿ ಲೇಬಲ್ ಮೇಲೆ 150 ಎಎಚ್ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಸಿ20 ಅಂತ ಇರುತ್ತೆ. ನಮ್ಮಲ್ಲಿ ಮನೆ ಇನ್ವರ್ಟರ್‌ಗೆ ಮಾರೋ ಬ್ಯಾಟರಿಗಳಿಗೆ ಸಾಮಾನ್ಯವಾಗಿ ಇದೇ ಗುರುತು. ಸಿ20 ಅಂದ್ರೆ ಈ 150 ಅನ್ನೋ ಸಂಖ್ಯೆಯನ್ನ ಅಳೆದಿದ್ದು 20 ತಾಸು ನಿಧಾನಕ್ಕೆ ಖಾಲಿ ಮಾಡಿ. ಏಳೂವರೆ ಆಂಪಿಯರ್‌ನಂತೆ 20 ತಾಸು. ಅದೂ 27 ಡಿಗ್ರಿ ಉಷ್ಣತೆಯಲ್ಲಿ, ಹೊಸ ಬ್ಯಾಟರಿಯಲ್ಲಿ, 10.5 ವೋಲ್ಟ್‌ಗೆ ಇಳಿಯೋವರೆಗೆ. ಸಿಂಧನೂರಿನ ಮನೆ ತೆಗೀತಿರೋದು ಏಳೂವರೆ ಅಲ್ಲ, 37. ಐದು ಪಟ್ಟು ಜೋರು.

ಜೋರಾಗಿ ತೆಗೆದ್ರೆ ಬೇಗ ಖಾಲಿ ಆಗುತ್ತೆ, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೇ ಇರೋದು ಏನಂದ್ರೆ, ಜೋರಾಗಿ ತೆಗೆದ್ರೆ ಒಟ್ಟು ಸಿಗೋದೇ ಕಡಿಮೆ ಆಗುತ್ತೆ.

ಹೊಲದಲ್ಲಿ ಬೋರ್‌ವೆಲ್ ಇದ್ದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಒಂದಿಂಚು ನೀರಿನ ಬೋರಿಗೆ ಸಣ್ಣ ಮೋಟಾರ್ ಇಟ್ಟು ನಿಧಾನಕ್ಕೆ ಎತ್ತಿದ್ರೆ ದಿನಪೂರ್ತಿ ಬರುತ್ತೆ. ಅದಕ್ಕೇ ದೊಡ್ಡ ಮೋಟಾರ್ ಇಳಿಸಿದ್ರೆ ಅರ್ಧ ತಾಸು ಜೋರಾಗಿ ಬಂದು ಗಾಳಿ ಹೊಡೆಯೋಕೆ ಶುರು. ನೀರು ಮುಗಿದಿಲ್ಲ. ಸುತ್ತಲಿನ ಬಿರುಕುಗಳಿಂದ ಬೋರಿಗೆ ಬಂದು ಸೇರೋಕೆ ಟೈಮ್ ಸಿಕ್ಕಿಲ್ಲ ಅಷ್ಟೆ. ಮೋಟಾರ್ ನಿಲ್ಲಿಸಿ ಒಂದು ತಾಸು ಬಿಟ್ಟು ನೋಡಿ, ಮತ್ತೆ ಬರುತ್ತೆ.

ಬ್ಯಾಟರಿ ಒಳಗೂ ಆಗೋದು ಹೆಚ್ಚೂ ಕಡಿಮೆ ಇದೇ. ಸೀಸದ ಪ್ಲೇಟ್‌ಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಕರೆಂಟ್ ಹುಟ್ಟೋದು ಅಲ್ಲಿಗೆ ಆಸಿಡ್ ಹೋಗಿ ಸೀಸದ ಜೊತೆ ಸೇರಿದಾಗ. ನಿಧಾನಕ್ಕೆ ತೆಗೆದ್ರೆ ಹೊರಗಿನ ಆಸಿಡ್ ಒಳಕ್ಕೆ ಇಳಿಯೋಕೆ ಸಮಯ ಇರುತ್ತೆ. ಜೋರಾಗಿ ತೆಗೆದ್ರೆ ರಂಧ್ರದೊಳಗಿನ ಆಸಿಡ್ ಮೊದಲೇ ತೆಳುವಾಗುತ್ತೆ, ವೋಲ್ಟೇಜ್ ಕುಸಿಯುತ್ತೆ. ಇನ್ವರ್ಟರ್‌ಗೆ ಒಳಗಿನ ಕಥೆ ಗೊತ್ತಿಲ್ಲ. ಅದು ನೋಡೋದು ವೋಲ್ಟೇಜ್ ಮಾತ್ರ. ಹತ್ತೂವರೆ ವೋಲ್ಟ್ ಹತ್ತಿರ ಬಂತು ಅಂದ್ರೆ ಕೂಗಿ ಆಫ್ ಆಗುತ್ತೆ. ಅರ್ಧ ತಾಸು ಬಿಟ್ಟು ಆನ್ ಮಾಡಿದ್ರೆ ಐದು-ಹತ್ತು ನಿಮಿಷ ಮತ್ತೆ ನಡೆಯೋದು ಇದೇ ಕಾರಣಕ್ಕೆ. ಇದನ್ನ 1897ರಲ್ಲೇ ಜರ್ಮನಿಯ ವಿಜ್ಞಾನಿ ಪೊಯ್ಕರ್ಟ್ ಸೂತ್ರದ ರೂಪಕ್ಕೆ ತಂದಿದ್ರು. ಆ ಸೂತ್ರದಲ್ಲಿ ಘಾತ ಎಲ್ಲ ಬರುತ್ತೆ, ಅದು ನಮಗೆ ಬೇಡ.

ಬೇಕಾಗಿರೋದು ಇಷ್ಟು. ಟ್ಯೂಬ್ಯುಲರ್ ಬ್ಯಾಟರಿಯನ್ನ ಹತ್ತು ತಾಸಿನಲ್ಲಿ ಖಾಲಿ ಮಾಡಿದ್ರೆ ಲೇಬಲ್‌ನಲ್ಲಿ ಬರೆದಿದ್ದರಲ್ಲಿ ಸುಮಾರು ನೂರಕ್ಕೆ 85 ಸಿಗುತ್ತೆ. ಐದು ತಾಸಿನಲ್ಲಿ ಖಾಲಿ ಮಾಡಿದ್ರೆ 70. ಮೂರು ತಾಸಿಗೆ 60. ಎರಡು ತಾಸಿಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಒಂದೇ ತಾಸಿನಲ್ಲಿ ಹಿಂಡಿದ್ರೆ ನಲವತ್ತರ ಆಸುಪಾಸು. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚು ಕಡಿಮೆ ಇರುತ್ತೆ, ಆದ್ರೆ ಇಳಿಯೋ ರೀತಿ ಇದೇ.

ಈ ಸಂಖ್ಯೆಗಳನ್ನ ನೆನಪಿಟ್ಟುಕೊಳ್ಳೋದು ಕಷ್ಟ. ಅದಕ್ಕೇ ನಾವು ಅವನ್ನ ಪಕ್ಕಪಕ್ಕ ಇಟ್ಟು ನೋಡಿದ್ವಿ. ಸಾದಾ ಭಾಗಾಕಾರದಲ್ಲಿ 12 ತಾಸು ಬಂದ ಕಡೆ ನಿಜದಲ್ಲಿ ಸಿಗೋದು 10. ಏಳು ಬಂದ ಕಡೆ ಐದು. ಐದು ಬಂದ ಕಡೆ ಮೂರು. ನಾಲ್ಕು ಬಂದ ಕಡೆ ಎರಡು ಚಿಲ್ಲರೆ. ಗಮನಿಸಿದ್ರಾ? ಎಲ್ಲ ಕಡೆ ಎರಡು ತಾಸು ಕಡಿಮೆ.

ಹಾಗಾಗಿ ನಮ್ಮ ಲೆಕ್ಕ ಹೀಗೆ: ವ್ಯಾಟ್ ಅನ್ನು ಹತ್ತರಿಂದ ಭಾಗಿಸಿ, ಬಂದ ಆಂಪಿಯರ್‌ನಿಂದ ಎಎಚ್ ಭಾಗಿಸಿ, ಬಂದ ಉತ್ತರದಿಂದ ಎರಡು ತಾಸು ಕಳೀರಿ. ನಾಲ್ಕರಿಂದ ಹನ್ನೆರಡರವರೆಗಿನ ಉತ್ತರಕ್ಕೆ ಇದು ನಡೆಯುತ್ತೆ. ನಾಲ್ಕಕ್ಕಿಂತ ಕಡಿಮೆ ಬಂದ್ರೆ ಎರಡು ಕಳೆಯೋದು ಬೇಡ, ಅರ್ಧ ಮಾಡಿ. ಇದು ಪಠ್ಯಪುಸ್ತಕದ ಸೂತ್ರ ಅಲ್ಲ, ಅಂದಾಜು. ಆದ್ರೆ ಐದು ತಾಸು ಅಂತ ನಂಬಿ ಪರೀಕ್ಷೆ ಹಿಂದಿನ ರಾತ್ರಿ ಕತ್ತಲಲ್ಲಿ ಕೂರೋ ಅಂದಾಜಿಗಿಂತ ಎಷ್ಟೋ ವಾಸಿ.

ಸಿಂಧನೂರಿನ ಮನೆಗೆ ಹಾಕಿ ನೋಡೋಣ. ನಾಲ್ಕರಲ್ಲಿ ಎರಡು ಹೋದ್ರೆ ಎರಡು. ಅವರ ಬ್ಯಾಟರಿ ಕೂಗ್ತಿರೋದೂ ಎರಡಕ್ಕೇ. ಅಂದ್ರೆ ಬ್ಯಾಟರಿ ತನ್ನ ಕೆಲಸ ಸರಿಯಾಗೇ ಮಾಡ್ತಿದೆ.

ಈಗ ತಂಗಿಯ ಪರೀಕ್ಷೆಗೆ ಬರೋಣ, ಯಾಕಂದ್ರೆ ಇದೇ ಲೆಕ್ಕ ತಿರುಗಿ ಹಾಕಿದ್ರೆ ಅವಳಿಗೆ ಲಾಭ ಇದೆ. ರಾತ್ರಿ ಹತ್ತರ ಮೇಲೆ ಟಿವಿ ಬೇಡ, ಒಂದು ಫ್ಯಾನ್ ಬೇಡ, ನಾಲ್ಕು ಟ್ಯೂಬ್ ಬದಲು ಓದೋ ಕೋಣೆಯಲ್ಲಿ ಒಂಬತ್ತು ವ್ಯಾಟ್‌ನ ಒಂದು ಬಲ್ಬ್. ಎರಡು ಫ್ಯಾನ್ 150, ಬಲ್ಬ್ 9, ರೂಟರ್ 10. ಒಟ್ಟು 169. ಹತ್ತರಿಂದ ಭಾಗಿಸಿದ್ರೆ 17 ಆಂಪಿಯರ್. 150 ಅನ್ನು 17ರಿಂದ ಭಾಗಿಸಿದ್ರೆ 8.8. ಎರಡು ಕಳೆದ್ರೆ ಆರೂಮುಕ್ಕಾಲು ತಾಸು. ಲೋಡ್ ಇಳಿದಿದ್ದು ಅರ್ಧಕ್ಕಿಂತ ಸ್ವಲ್ಪ ಕೆಳಗೆ, ಬ್ಯಾಕಪ್ ಏರಿದ್ದು ಮೂರು ಪಟ್ಟಿಗಿಂತ ಜಾಸ್ತಿ. ಬ್ಯಾಟರಿಯನ್ನ ನಿಧಾನಕ್ಕೆ ಬಳಸಿದವರಿಗೆ ಅದು ಕೊಡೋ ಬಡ್ಡಿ ಇದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದ್ರೆ, ಹಳೇ ಫ್ಯಾನ್ ತೆಗೆದು ಬಿಎಲ್‌ಡಿಸಿ ಫ್ಯಾನ್ ಹಾಕಿದ್ರೆ ಒಂದಕ್ಕೆ 30 ವ್ಯಾಟ್ ಸಾಕು. ಆಗ ಒಟ್ಟು 79 ವ್ಯಾಟ್. ಇಷ್ಟು ಕಡಿಮೆ ಲೋಡ್‌ನಲ್ಲಿ ಇನ್ವರ್ಟರ್ ಸುಮ್ಮನೆ ಆನ್ ಇರೋಕೇ ತಿನ್ನೋ ಹತ್ತು-ಹದಿನೈದು ವ್ಯಾಟ್ ಕೂಡ ಎದ್ದು ಕಾಣುತ್ತೆ, ಹಾಗಾಗಿ ನಮ್ಮ ಲೆಕ್ಕ ಅಲ್ಲಿ ಅಷ್ಟು ನಿಖರ ಅಲ್ಲ. ಆದ್ರೂ ಹನ್ನೆರಡು ತಾಸು ದಾಟೋದರಲ್ಲಿ ಅನುಮಾನ ಇಲ್ಲ. ಎರಡನೇ ಬ್ಯಾಟರಿ ತರೋ ಮೊದಲು ಎರಡು ಫ್ಯಾನ್ ಬದಲಾಯಿಸೋದು ಜಾಣತನ ಅಂತ ನನ್ನ ಅಭಿಪ್ರಾಯ. ಅಂದ ಹಾಗೆ, ಗೋಡೆ ಮೇಲೆ ಇನ್ನೂ ಆ ದೊಡ್ಡ ಡಬ್ಬಿ ಥರದ ಹಳೇ ಫ್ಯಾನ್ ರೆಗ್ಯುಲೇಟರ್ ಇದ್ದರೆ, ಸ್ಪೀಡ್ ಕಡಿಮೆ ಇಟ್ಟು ಕರೆಂಟ್ ಪೂರ್ತಿ ಉಳೀತು ಅಂತ ತಿಳೀಬೇಡಿ. ಉಳಿಯಬೇಕಾದ್ದರಲ್ಲಿ ಒಂದು ಪಾಲನ್ನ ಅದು ಬಿಸಿ ಮಾಡಿ ಕಳೆಯುತ್ತೆ.

ಇಲ್ಲಿ ಒಂದು ಪ್ರಶ್ನೆ ಬರುತ್ತೆ. ವ್ಯಾಟ್ ಎಷ್ಟು ಅಂತ ಗೊತ್ತಾಗೋದು ಹೇಗೆ? ಹಳೇ ಫ್ಯಾನ್ ಮೇಲಿನ ಚೀಟಿ ಯಾವತ್ತೋ ಹೋಗಿರುತ್ತೆ. ಅದಕ್ಕೆ ನಿಮ್ಮ ಮನೆ ಮುಂದಿನ ಜೆಸ್ಕಾಂ ಮೀಟರೇ ಸಾಕು.

ಎಲೆಕ್ಟ್ರಾನಿಕ್ ಮೀಟರ್‌ನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕ್ತಾ ಇರುತ್ತೆ. ಅದರ ಹತ್ತಿರ 3200 imp/kWh ಅಂತಲೋ 1600 imp/kWh ಅಂತಲೋ ಬರೆದಿರುತ್ತೆ. 3200 ಅಂದ್ರೆ ಒಂದು ಯೂನಿಟ್ ಆಗೋಕೆ ಆ ದೀಪ 3,200 ಸಲ ಮಿಣುಕಬೇಕು. ಕರೆಂಟ್ ಇರುವಾಗ, ಇನ್ವರ್ಟರ್ ಬ್ಯಾಟರಿ ಫುಲ್ ಆಗಿರುವಾಗ, ಫ್ರಿಜ್, ಮೋಟಾರ್, ಗೀಸರ್ ಎಲ್ಲ ಬಂದ್ ಮಾಡಿ. ಕರೆಂಟ್ ಹೋದಾಗ ಏನು ಓಡಿಸ್ತೀರೋ ಅಷ್ಟನ್ನೇ ಹಾಕಿ. ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಇಟ್ಟು ಒಂದು ನಿಮಿಷಕ್ಕೆ ಎಷ್ಟು ಸಲ ಮಿಣುಕ್ತು ಅಂತ ಎಣಿಸಿ. ಬೇಕಿದ್ರೆ ವಿಡಿಯೊ ಮಾಡ್ಕೊಂಡು ಆಮೇಲೆ ಎಣಿಸಿ. ನಂತರ ಇದು:

```
ವ್ಯಾಟ್ = ನಿಮಿಷದ ಮಿಣುಕು × 60000 ÷ ಮೀಟರ್ ಮೇಲಿನ ಸಂಖ್ಯೆ
```

3200 ಬರೆದ ಮೀಟರ್‌ನಲ್ಲಿ ನಿಮಿಷಕ್ಕೆ 20 ಸಲ ಮಿಣುಕಿದ್ರೆ ಸರಿಯಾಗಿ 375 ವ್ಯಾಟ್. ನಮ್ಮ ಸಿಂಧನೂರಿನ ಮನೆಯ ಲೋಡ್. ಲೋಡ್ ಕಡಿಮೆ ಇದ್ದರೆ ಒಂದು ನಿಮಿಷದ ಬದಲು ಐದು ನಿಮಿಷ ಎಣಿಸಿ ಐದರಿಂದ ಭಾಗಿಸಿ, ಉತ್ತರ ಇನ್ನೂ ಸರಿಯಾಗಿ ಬರುತ್ತೆ. ಬ್ಯಾಟರಿ ಚಾರ್ಜ್ ಆಗ್ತಾ ಇರುವಾಗ ಮಾತ್ರ ಎಣಿಸಬೇಡಿ, ಚಾರ್ಜಿಂಗ್ ಎಳೆಯೋ ಕರೆಂಟೂ ಅದರಲ್ಲಿ ಸೇರಿಬಿಡುತ್ತೆ.

ಇನ್ನು ಮಸ್ಕಿಯ ಮೆಸೇಜ್. ಇದು ಚಿಕ್ಕದು. ಅಲ್ಲಿ ಒಬ್ಬರು ಕಂಪ್ಯೂಟರ್, ಪ್ರಿಂಟರ್ ಇಟ್ಟು ಆನ್‌ಲೈನ್ ಅರ್ಜಿ ಹಾಕೋ ಅಂಗಡಿ ನಡೆಸ್ತಾರೆ. "ಬ್ಯಾಕಪ್ ಸಾಲವಲ್ದು, ಒಂಬೈನೂರು ವಿಎ ತೆಗೆದು ಹದಿನೈದುನೂರು ವಿಎ ಇನ್ವರ್ಟರ್ ಹಾಕಿದ್ರ ಟೈಮ್ ಜಾಸ್ತಿ ಬರ್ತದೇನ್ರಿ?" ಅಂತ ಕೇಳಿದ್ದಾರೆ.

ಬರಲ್ಲ. ವಿಎ ಹೇಳೋದು ಒಂದೇ ಸಲಕ್ಕೆ ಎಷ್ಟು ಭಾರ ಎತ್ತಬಹುದು ಅಂತ. ಎಷ್ಟು ಹೊತ್ತು ಅನ್ನೋದನ್ನ ಹೇಳೋದು ಬ್ಯಾಟರಿಯ ಎಎಚ್. 900 ವಿಎ ಇನ್ವರ್ಟರ್ ಸುಮಾರು 700 ವ್ಯಾಟ್ ಎತ್ತುತ್ತೆ. ಅಂಗಡಿಯಲ್ಲಿ ಲೇಸರ್ ಪ್ರಿಂಟರ್ ಇದ್ದರೆ ತೊಂದರೆ ಅಲ್ಲೇ ಇದೆ: ಕಾಗದಕ್ಕೆ ಇಂಕಿನ ಪುಡಿ ಅಂಟಿಸೋಕೆ ಅದು ಒಳಗಿನ ರೋಲರನ್ನ ಬಿಸಿ ಮಾಡುತ್ತೆ, ಆ ಕ್ಷಣಕ್ಕೆ ನೂರಾರು ವ್ಯಾಟ್ ಎಳೆಯುತ್ತೆ. ಆಗ ಇನ್ವರ್ಟರ್ ಓವರ್‌ಲೋಡ್ ತೋರಿಸಿ ಆಫ್ ಆದ್ರೆ, ಅದು ಬ್ಯಾಟರಿ ಮುಗಿದಿದ್ದಲ್ಲ. ಡಿಸ್‌ಪ್ಲೇಯಲ್ಲಿ ಓವರ್‌ಲೋಡ್ ಬಂತೋ ಲೋ ಬ್ಯಾಟರಿ ಬಂತೋ ಅಂತ ನೋಡಿ. ಓವರ್‌ಲೋಡ್ ಆದ್ರೆ ದೊಡ್ಡ ಇನ್ವರ್ಟರ್ ಬೇಕು, ಇಲ್ಲಾ ಕರೆಂಟ್ ಇಲ್ಲದಾಗ ಇಂಕ್ ಟ್ಯಾಂಕ್ ಪ್ರಿಂಟರ್ ಬಳಸಬೇಕು. ಲೋ ಬ್ಯಾಟರಿ ಆದ್ರೆ ದೊಡ್ಡ ಇನ್ವರ್ಟರ್‌ಗೆ ಕೊಟ್ಟ ದುಡ್ಡು ದಂಡ.

ಈಗ ಲಿಂಗಸೂಗೂರು. ನಿಜ ಹೇಳಬೇಕಂದ್ರೆ ಈ ಸಂಚಿಕೆ ಮಾಡಲೇಬೇಕು ಅನ್ನಿಸಿದ್ದು ಈ ಮೆಸೇಜ್ ಕೇಳಿದ ಮೇಲೆ. ಒಬ್ಬ ಯುವಕ. ಅವರ ತಂದೆಗೆ ಶ್ವಾಸಕೋಶದ ತೊಂದರೆ, ಡಾಕ್ಟರ್ ಹೇಳಿದಂತೆ ಮನೆಯಲ್ಲೇ ಆಕ್ಸಿಜನ್ ಕಾನ್ಸಂಟ್ರೇಟರ್ ಇಟ್ಟಿದ್ದಾರೆ. ನಿಮಿಷಕ್ಕೆ ಎರಡು ಲೀಟರ್‌ನಂತೆ ರಾತ್ರಿಯಿಡೀ ಬೇಕು. ಮೆಷಿನ್ ಹಿಂದೆ 350 ವ್ಯಾಟ್ ಅಂತ ಬರೆದಿದೆ. ಮೂರು ವರ್ಷದ ಹಿಂದೆ ಹಾಕಿಸಿದ 150 ಎಎಚ್ ಬ್ಯಾಟರಿ ಇದೆ. "ರಾತ್ರಿ ಕರೆಂಟ್ ಹೋದ್ರ ಅಪ್ಪಗ ಎಷ್ಟು ತಾಸು ನಡೀತದ?" ಅಂತ ಪ್ರಶ್ನೆ.

ಫ್ಯಾನು, ಲೈಟು ಎಲ್ಲ ಬಿಟ್ಟು ಮೆಷಿನ್ ಒಂದನ್ನೇ ಲೆಕ್ಕಕ್ಕೆ ಹಿಡಿಯೋಣ. 350ಕ್ಕೆ 35 ಆಂಪಿಯರ್. ಬ್ಯಾಟರಿ ಹೊಸದಾಗಿದ್ದರೆ 150 ಭಾಗ 35, ಅಂದ್ರೆ 4.3. ಎರಡು ಕಳೆದ್ರೆ ಎರಡೂಕಾಲು ತಾಸು. ಆದ್ರೆ ಬ್ಯಾಟರಿಗೆ ಮೂರು ವರ್ಷ ಆಗಿದೆ. ಆ ಕಡೆಯ ಮೂರು ಬೇಸಿಗೆ ಕಂಡ ಬ್ಯಾಟರಿ ಅಂದ್ರೆ ಸುಮ್ಮನೆ ಅಲ್ಲ. ಸೀಸದ ಬ್ಯಾಟರಿ ಸದಾ ಹತ್ತು ಡಿಗ್ರಿ ಜಾಸ್ತಿ ಬಿಸಿಯಲ್ಲಿ ಬದುಕಿದ್ರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತೆ ಅನ್ನೋದು ಈ ಕ್ಷೇತ್ರದವರ ಹಳೇ ಲೆಕ್ಕ. ಹಾಗಾಗಿ ಮುಕ್ಕಾಲು ಭಾಗ ಉಳಿದಿದೆ ಅಂತ ಇಟ್ಟುಕೊಂಡು 150ರ ಬದಲು 110 ಹಿಡೀರಿ. 110 ಭಾಗ 35, ಮೂರು ಚಿಲ್ಲರೆ. ನಾಲ್ಕಕ್ಕಿಂತ ಕಡಿಮೆ, ಅರ್ಧ ಮಾಡಬೇಕು. ಒಂದೂವರೆ ತಾಸು.

ಆ ಯುವಕ ನಾಲ್ಕೈದು ತಾಸು ನಡೆಯುತ್ತೆ ಅಂತ ಅಂದುಕೊಂಡಿದ್ರು. ನಾವು ಫೋನ್ ಮಾಡಿ ಈ ಲೆಕ್ಕ ಹೇಳಿದ ಮೇಲೆ, ಅಂದಾಜು ಬಿಟ್ಟು ಪರೀಕ್ಷೆ ಮಾಡಿ ನೋಡೋಣ ಅಂತ ಒಪ್ಪಿದ್ರು. ಪರೀಕ್ಷೆ ಕಷ್ಟದ್ದಲ್ಲ, ನೀವೂ ಮಾಡಬಹುದು.

ಬ್ಯಾಟರಿ ಒಂದು ಇಡೀ ರಾತ್ರಿ ಚಾರ್ಜ್ ಆಗಿರಬೇಕು. ಹಗಲು ಹೊತ್ತಲ್ಲಿ, ಇನ್ವರ್ಟರ್‌ಗೆ ಕರೆಂಟ್ ಬರೋ ಸ್ವಿಚ್ ಆಫ್ ಮಾಡಿ, ಟೈಮ್ ಬರ್ಕೊಳ್ಳಿ. ತಂದೆಯ ಮೆಷಿನನ್ನ ಪ್ರಯೋಗಕ್ಕೆ ಒಡ್ಡೋದು ಬೇಡ. ಅಷ್ಟೇ ವ್ಯಾಟ್ ಆಗುವಷ್ಟು ಫ್ಯಾನು, ಲೈಟು, ಟಿವಿ ಸೇರಿಸಿ, ಮೀಟರ್ ಎಣಿಸಿ ಮೊದಲೇ 350ಕ್ಕೆ ಹೊಂದಿಸಿಕೊಳ್ಳಿ. ಲೋ ಬ್ಯಾಟರಿ ಕೂಗು ಬಂದ ಕೂಡಲೇ ಟೈಮ್ ನೋಡಿ, ತಕ್ಷಣ ಕರೆಂಟ್ ಕೊಡಿ. ಖಾಲಿ ಬ್ಯಾಟರಿಯನ್ನ ಹಾಗೇ ಎರಡು ದಿನ ಬಿಟ್ಟರೆ ಪ್ಲೇಟ್ ಮೇಲೆ ಗಟ್ಟಿ ಪದರ ಕೂತು ಶಕ್ತಿ ಶಾಶ್ವತವಾಗಿ ಕುಗ್ಗುತ್ತೆ. ಆರು ತಿಂಗಳಿಗೊಮ್ಮೆ ಈ ಪರೀಕ್ಷೆ ಸಾಕು, ಪ್ರತಿವಾರ ಮಾಡಿದ್ರೆ ಪರೀಕ್ಷೆಯೇ ಬ್ಯಾಟರಿಯನ್ನ ತಿನ್ನುತ್ತೆ.

ಲಿಂಗಸೂಗೂರಿನಲ್ಲಿ ಬಂದ ಉತ್ತರ: ಐವತ್ತು ನಿಮಿಷ.

ಒಂದೂವರೆ ತಾಸೂ ಇಲ್ಲ. ಲೆಕ್ಕಕ್ಕೂ ಪರೀಕ್ಷೆಗೂ ಇಷ್ಟು ಅಂತರ ಬಂದ್ರೆ ಬ್ಯಾಟರಿಯ ಆರು ಸೆಲ್‌ಗಳಲ್ಲಿ ಒಂದು ಸೋತಿರೋ ಸಾಧ್ಯತೆ ಜಾಸ್ತಿ. ಬ್ಯಾಟರಿ ಅಂಗಡಿಯವರು ಹೈಡ್ರೋಮೀಟರ್ ಇಟ್ಟು ಆರೂ ಸೆಲ್ ನೋಡಿದ್ರು. ಐದರಲ್ಲಿ 1.230 ಮೇಲೆ ಇತ್ತು, ಒಂದರಲ್ಲಿ 1.170. ಫುಲ್ ಚಾರ್ಜ್ ಆದ ಮೇಲೂ ಒಂದು ಸೆಲ್ ಹೀಗೆ ಉಳಿದವುಗಳಿಗಿಂತ ಬಹಳ ಕೆಳಗಿದ್ರೆ ಅದು ಸೋತ ಸೆಲ್. ಉಳಿದ ಐದು ಗಟ್ಟಿ ಇದ್ದರೂ ಲೋಡ್ ಬಿದ್ದ ಕೂಡಲೇ ಇದೊಂದು ವೋಲ್ಟೇಜನ್ನ ಕೆಳಗೆ ಎಳೆಯುತ್ತೆ. ಇಂಥ ಬ್ಯಾಟರಿಗೆ ಇನ್ನೊಂದು ಲಕ್ಷಣ ಇದೆ: ಕರೆಂಟ್ ಬಂದ ಸ್ವಲ್ಪ ಹೊತ್ತಿಗೇ ಇನ್ವರ್ಟರ್ ನೂರಕ್ಕೆ ನೂರು ಫುಲ್ ಅಂತ ತೋರಿಸುತ್ತೆ. ಬೇಗ ಫುಲ್, ಬೇಗ ಖಾಲಿ. ಡಿಸ್‌ಪ್ಲೇಯ ಆ ನೂರು ಬಹಳ ಇನ್ವರ್ಟರ್‌ಗಳಲ್ಲಿ ವೋಲ್ಟೇಜ್ ನೋಡಿ ಹೇಳೋ ಅಂದಾಜು, ಒಳಗೆ ಎಷ್ಟಿದೆ ಅನ್ನೋ ಅಳತೆ ಅಲ್ಲ.

ಸೆಲ್ ಯಾಕೆ ಸೋತಿತು? ನೀರಿನ ಬಗ್ಗೆ ಕೇಳಿದ್ವಿ. ನೀರು ಇಳಿದಾಗ ಮನೆಯ ಬೋರ್ ನೀರನ್ನೇ ಹಾಕಿದ್ರಂತೆ. ಅದೊಂದೇ ಕಾರಣ ಅಂತ ಹೇಳೋಕಾಗಲ್ಲ, ಆದ್ರೆ ಬೋರ್ ನೀರಿನ ಉಪ್ಪು, ಕಬ್ಬಿಣದ ಅಂಶ ಬ್ಯಾಟರಿಗೆ ವಿಷ. ಫಿಲ್ಟರ್ ನೀರೂ ಬೇಡ. ಹಾಕೋದಾದ್ರೆ ಡಿಸ್ಟಿಲ್ಡ್ ವಾಟರ್ ಮಾತ್ರ.

ಬ್ಯಾಟರಿ ಬದಲಾಯಿಸಲೇಬೇಕು. ಆದ್ರೆ ಅಲ್ಲಿಗೆ ನಿಲ್ಲಿಸೋಕಾಗಲ್ಲ, ಯಾಕಂದ್ರೆ ಹೊಸ ಬ್ಯಾಟರಿ ಹಾಕಿದ್ರೂ ಸಿಗೋದು ಎರಡೂಕಾಲು ತಾಸು. ಅದೂ ಮೊದಲನೇ ಸಲ ಕರೆಂಟ್ ಹೋದಾಗ. ಎರಡನೇ ಸಲದ ಲೆಕ್ಕ ಬಹಳ ಜನ ಹಾಕೋದೇ ಇಲ್ಲ.

ಸಂಜೆ ಏಳಕ್ಕೆ ಹೋದ ಕರೆಂಟ್ ಒಂಬತ್ತಕ್ಕೆ ಬಂತು ಅನ್ನಿ. ಎರಡು ತಾಸಲ್ಲಿ 35ರಂತೆ 70 ಎಎಚ್ ಹೋಯ್ತು, ಬ್ಯಾಟರಿ ಹೆಚ್ಚೂ ಕಡಿಮೆ ಕೂಗೋ ಹಂತಕ್ಕೆ ಬಂತು. ಮನೆ ಇನ್ವರ್ಟರ್ ಸಾಮಾನ್ಯವಾಗಿ ಹತ್ತರಿಂದ ಹದಿನೈದು ಆಂಪಿಯರ್‌ನಲ್ಲಿ ಚಾರ್ಜ್ ಮಾಡುತ್ತೆ. ಹನ್ನೆರಡು ಅಂತ ಹಿಡಿದ್ರೆ ಮೂರು ತಾಸಿಗೆ 36. ಅದರಲ್ಲೂ ಸ್ವಲ್ಪ ನಷ್ಟ ಆಗಿ ಉಳಿಯೋದು 30. ರಾತ್ರಿ ಹನ್ನೆರಡಕ್ಕೆ ಮತ್ತೆ ಕರೆಂಟ್ ಹೋದ್ರೆ ಆ 30 ಎಎಚ್ ಎಷ್ಟು ಹೊತ್ತು? ಮುಕ್ಕಾಲು ತಾಸು, ಹೆಚ್ಚಂದ್ರೆ ಒಂದು. ಎಲ್ಲರೂ ನಿದ್ದೆಯಲ್ಲಿರೋ ಹೊತ್ತು ಅದು.

ಹಾಗಾಗಿ ಆ ಮನೆಯವರು ಎರಡು ಕೆಲಸ ಮಾಡ್ತಿದ್ದಾರೆ. ಒಂದು, ಎರಡು ಹೊಸ ಬ್ಯಾಟರಿಯನ್ನ ಸೀರೀಸ್‌ನಲ್ಲಿ ಜೋಡಿಸೋ 24 ವೋಲ್ಟ್ ಇನ್ವರ್ಟರ್, ಪ್ಯೂರ್ ಸೈನ್ ವೇವ್‌ದು. ಕಾನ್ಸಂಟ್ರೇಟರ್‌ನಲ್ಲಿ ಕಂಪ್ರೆಸರ್ ಇರೋದರಿಂದ ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಅದಕ್ಕೆ ಆಗಿಬರಲ್ಲ. ಹಳೇ ಬ್ಯಾಟರಿ ಜೊತೆ ಹೊಸದನ್ನ ಜೋಡಿಸೋದೂ ಬೇಡ, ಸೋತದ್ದು ಹೊಸದನ್ನೂ ಎಳೆಯುತ್ತೆ. 24 ವೋಲ್ಟ್‌ಗೆ ಹತ್ತರ ಬದಲು ಇಪ್ಪತ್ತರಿಂದ ಭಾಗಿಸಬೇಕು: 350ಕ್ಕೆ ಹದಿನೇಳೂವರೆ ಆಂಪಿಯರ್, 150 ಭಾಗ ಹದಿನೇಳೂವರೆ 8.6, ಎರಡು ಕಳೆದ್ರೆ ಆರೂವರೆ ತಾಸು. ಬ್ಯಾಟರಿ ಎರಡು ಪಟ್ಟು, ಸಮಯ ಹತ್ತಿರ ಹತ್ತಿರ ಮೂರು ಪಟ್ಟು.

ಇನ್ನೊಂದು ಕೆಲಸ ಕರೆಂಟಿಗೇ ಸಂಬಂಧಿಸಿದ್ದಲ್ಲ. ಹಾಸಿಗೆ ಪಕ್ಕ ಒಂದು ತುಂಬಿದ ಬಿ ಟೈಪ್ ಆಕ್ಸಿಜನ್ ಸಿಲಿಂಡರ್. ಅದರಲ್ಲಿ ಸುಮಾರು 1,500 ಲೀಟರ್ ಆಕ್ಸಿಜನ್ ಇರುತ್ತೆ. ನಿಮಿಷಕ್ಕೆ ಎರಡು ಲೀಟರ್ ಅಂದ್ರೆ 750 ನಿಮಿಷ, ಹನ್ನೆರಡೂವರೆ ತಾಸು. ಈ ಲೆಕ್ಕದಲ್ಲಿ ಎರಡು ಕಳೆಯೋದು ಇಲ್ಲ. ಫ್ಲೋ ಎಷ್ಟಿರಬೇಕು ಅನ್ನೋದನ್ನ ಮಾತ್ರ ಡಾಕ್ಟರ್ ಹೇಳಿದಷ್ಟೇ ಇಡಬೇಕು, ಸಿಲಿಂಡರ್ ಜಾಸ್ತಿ ಹೊತ್ತು ಬರಲಿ ಅಂತ ಕಡಿಮೆ ಮಾಡೋದಲ್ಲ. ಮತ್ತೆ ಇನ್ವರ್ಟರ್ ಇರೋ ಕೋಣೆಯಲ್ಲಿ ಆ ಸಿಲಿಂಡರ್ ಇಡಬೇಡಿ. ಚಾರ್ಜ್ ಆಗೋ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ, ಅದರ ಪಕ್ಕ ಆಕ್ಸಿಜನ್ ಇರಬಾರದು. ಬ್ಯಾಟರಿ ಗಾಳಿಯಾಡೋ ಪಡಸಾಲೆಯಲ್ಲಿ ನೆರಳಿನಲ್ಲಿರಲಿ, ಸಿಲಿಂಡರ್ ತಂದೆಯ ಹತ್ತಿರ ಇರಲಿ.